ಗೊರಗುಡುವ ಟೆಲಿಫೋನ್ ಲೈನ್‌ನಲ್ಲಿ ಸೆಕೆಂಡಿಗೆ ಎಷ್ಟು ಬಿಟ್ ಹೋಗಬಹುದು? ಹಂತ ಹಂತವಾಗಿ ಲೆಕ್ಕ

ಚಾನೆಲ್ ಕೆಪಾಸಿಟಿಯ ಸೂತ್ರ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿದೆ. ಆದರೂ ಓದುಗರಿಂದ ಮತ್ತೆ ಮತ್ತೆ ಬರುವುದು ಎರಡೇ ಪ್ರಶ್ನೆ. "ನನ್ನ ಉತ್ತರ ಪುಸ್ತಕದ ಉತ್ತರಕ್ಕೆ ಯಾಕೆ ಹೊಂದುತ್ತಿಲ್ಲ?" ಮತ್ತು "ಲೆಕ್ಕ 30 ಸಾವಿರ ಎನ್ನುತ್ತದೆ, ಹಾಗಾದರೆ ಫೋನ್ ಲೈನ್‌ನಲ್ಲೇ ಸೆಕೆಂಡಿಗೆ 56 ಸಾವಿರ ಬಿಟ್ ತರುತ್ತಿದ್ದ 56k ಮೋಡೆಮ್ ಹೇಗೆ ಕೆಲಸ ಮಾಡಿತು?" ಎರಡಕ್ಕೂ ಉತ್ತರ ಸೂತ್ರದಲ್ಲಿಲ್ಲ. ಸೂತ್ರದೊಳಕ್ಕೆ ನಾವು ಹಾಕುವ ಎರಡು ಸಂಖ್ಯೆಗಳಲ್ಲಿದೆ. ಹಾಗಾಗಿ ಈ ಲೇಖನದ ಹೆಚ್ಚಿನ ಜಾಗ ಆ ಎರಡು ಸಂಖ್ಯೆಗಳಿಗೇ ಹೋಗುತ್ತದೆ.

ಮೊದಲು ಸೂತ್ರ ನೋಡಿಬಿಡೋಣ. ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟಿದ್ದು ಇದು:

```
C = B * log2(1 + S/N)
```

ಇಲ್ಲಿ C ಎಂದರೆ ಕೆಪಾಸಿಟಿ, ಸೆಕೆಂಡಿಗೆ ಎಷ್ಟು ಬಿಟ್ ಎಂಬ ಲೆಕ್ಕದಲ್ಲಿ. B ಎಂದರೆ ಬ್ಯಾಂಡ್‌ವಿಡ್ತ್, ಅಂದರೆ ಲೈನ್ ಸರಿಯಾಗಿ ದಾಟಿಸುವ ಫ್ರೀಕ್ವೆನ್ಸಿಗಳ ಅಗಲ, ಹರ್ಟ್ಜ್‌ನಲ್ಲಿ. S ಸಿಗ್ನಲ್‌ನ ಪವರ್, N ನಾಯ್ಸ್‌ನ ಪವರ್. ನಾಯ್ಸ್ ಎಂದರೆ ನೀವು ಕಳಿಸದೇ ಇದ್ದರೂ ಆ ಕಡೆ ಸೇರಿಕೊಳ್ಳುವ ಬೇಡದ ಕರೆಂಟು. ಫೋನ್‌ನಲ್ಲಿ ಅದು ಸುಯ್ ಎನ್ನುವ ಸದ್ದಾಗಿ ಕೇಳುತ್ತದೆ.

ಈ C ಎಂಥ ಮಿತಿ ಎಂಬುದನ್ನೂ ತಿಳಿದಿರಿ. ಇದಕ್ಕಿಂತ ಕಡಿಮೆ ವೇಗದಲ್ಲಿ ಕಳಿಸಿದರೆ, ಒಳ್ಳೆಯ ಕೋಡಿಂಗ್, ಅಂದರೆ ದಾರಿಯಲ್ಲಾದ ತಪ್ಪನ್ನು ಆ ಕಡೆ ತಿದ್ದಲು ಆಗುವಂತೆ ಬಿಟ್‌ಗಳನ್ನು ಜೋಡಿಸುವ ವಿಧಾನ ಬಳಸಿ ತಪ್ಪುಗಳನ್ನು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು. ಇದನ್ನು ಮೀರಿದರೆ ಯಾವ ಜಾಣತನದಿಂದಲೂ ಹಾಗೆ ಮಾಡಲಾಗುವುದಿಲ್ಲ. ಆ ಒಳ್ಳೆಯ ಕೋಡಿಂಗ್ ಯಾವುದು ಎಂದು ಸೂತ್ರ ಹೇಳುವುದಿಲ್ಲ. ಇಂಥದ್ದು ಇದೆ ಎಂದಷ್ಟೇ ಹೇಳುತ್ತದೆ.

ಏನೇನು ಬೇಕು

ಲೆಕ್ಕಕ್ಕೆ ಲಾಗ್ ಬಟನ್ ಇರುವ ಕ್ಯಾಲ್ಕುಲೇಟರ್ ಸಾಕು. ನಿಜವಾದ ಲೈನ್ ಮೇಲೆ ಅಳೆಯುವುದಾದರೆ ಟೆಲಿಫೋನ್ ಕೆಲಸಕ್ಕೆಂದೇ ಮಾಡಿದ ಲೆವೆಲ್ ಮೀಟರ್ ಬೇಕು. ಅದಕ್ಕೆ 600 ಓಮ್‌ನ ಟರ್ಮಿನೇಶನ್, ಅಂದರೆ ಲೈನ್‌ನ ತುದಿಗೆ ಹಾಕುವ ರೆಸಿಸ್ಟರ್, ಮತ್ತು 300ರಿಂದ 3400 ಹರ್ಟ್ಜ್‌ನ ಫಿಲ್ಟರ್ ಇರಬೇಕು. ಸಾಮಾನ್ಯ ಮಲ್ಟಿಮೀಟರ್ ಹಿಡಿದು ಕೂರಬೇಡಿ. ಕೆಲವೇ ಮಿಲಿವೋಲ್ಟ್‌ನ, 3000 ಹರ್ಟ್ಜ್‌ನ ಎಸಿಯನ್ನು ಅದು ನಂಬುವಂತೆ ಓದುವುದಿಲ್ಲ.

ಇನ್ನೊಂದು ಎಚ್ಚರಿಕೆ. ಟೆಲಿಫೋನ್ ಜೋಡಿ ತಂತಿಯಲ್ಲಿ ಸುಮ್ಮನಿದ್ದಾಗಲೂ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ರಿಂಗ್ ಬಂದಾಗ ಅದರ ಮೇಲೆ 75 ವೋಲ್ಟ್ ಆಸುಪಾಸಿನ ಎಸಿ ಸೇರುತ್ತದೆ. ಡಿಸಿಯನ್ನು ತಡೆಯುವ ಕೆಪಾಸಿಟರ್ ಇಲ್ಲದ ಉಪಕರಣವನ್ನು ನೇರವಾಗಿ ಸಿಕ್ಕಿಸಬೇಡಿ. ಬರಿಗೈಯಲ್ಲಿ ತಂತಿ ಹಿಡಿಯಬೇಡಿ.

ಹಂತ 1: ಬ್ಯಾಂಡ್‌ವಿಡ್ತ್ ಗೊತ್ತುಮಾಡಿ

ಮಾತಿಗೆಂದು ಮಾಡಿದ ಟೆಲಿಫೋನ್ ಚಾನೆಲ್ 300 ಹರ್ಟ್ಜ್‌ನಿಂದ 3400 ಹರ್ಟ್ಜ್‌ವರೆಗೆ ದಾಟಿಸುತ್ತದೆ. ಬ್ಯಾಂಡ್‌ವಿಡ್ತ್ ಎಂದರೆ ಇವೆರಡರ ವ್ಯತ್ಯಾಸ: 3400 − 300 = 3100 ಹರ್ಟ್ಜ್.

ಇಲ್ಲೇ ಮೊದಲ ಗುಂಡಿ ಇದೆ. ಕೆಲವರು ಮೇಲಿನ ಅಂಚನ್ನೇ ಬ್ಯಾಂಡ್‌ವಿಡ್ತ್ ಎಂದುಕೊಂಡು 3400 ಹಾಕುತ್ತಾರೆ. ಇನ್ನು ಕೆಲವರು 4000 ಹಾಕುತ್ತಾರೆ. ಒಂದು ಮಾತಿನ ಚಾನೆಲ್‌ಗೆ ಟೆಲಿಫೋನ್ ಜಾಲದಲ್ಲಿ 4000 ಹರ್ಟ್ಜ್‌ನ ಜಾಗ ಬಿಟ್ಟಿರುವುದು ನಿಜ. ಆದರೆ ಅದರ ಎರಡೂ ಅಂಚು ಫಿಲ್ಟರ್‌ಗಳಿಗಾಗಿ ಬಿಟ್ಟ ಖಾಲಿ ಜಾಗ, ಸಿಗ್ನಲ್ ಅಲ್ಲಿ ಹೋಗುವುದಿಲ್ಲ. ಪರೀಕ್ಷೆಯ ಪ್ರಶ್ನೆಗಳಲ್ಲಿ 3000, 3100, 3400 ಎಲ್ಲವೂ ಬರುತ್ತವೆ. ಅಲ್ಲಿ ಕೊಟ್ಟಿದ್ದನ್ನು ಹಾಕಿ, ವಾದ ಮಾಡಬೇಡಿ. ನಿಜವಾದ ಲೈನ್‌ಗೆ 3100 ಹಾಕಿ.

ಈ ಮಿತಿ ತಾಮ್ರದ ತಂತಿಯದ್ದಲ್ಲ ಎಂಬುದು ನೆನಪಿರಲಿ. ಎಕ್ಸ್‌ಚೇಂಜ್‌ನಲ್ಲಿ ನಿಮ್ಮ ಲೈನ್ ಸೇರುವ ಕಾರ್ಡ್‌ನಲ್ಲಿರುವ ಫಿಲ್ಟರ್ ಹಾಕಿದ ಮಿತಿ ಅದು. ಅದೇ ತಂತಿಯ ಮೇಲೆ ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಸುಮಾರು 11 ಲಕ್ಷ ಹರ್ಟ್ಜ್‌ವರೆಗೆ ಬಳಸಿಕೊಂಡಿದ್ದು, ಆ ಫಿಲ್ಟರ್‌ಗೆ ಮುಂಚೆಯೇ ಸಿಗ್ನಲ್ಲನ್ನು ಬೇರೆ ಕಡೆ ತಿರುಗಿಸಿಕೊಂಡು.

ಹಂತ 2: ಸಿಗ್ನಲ್ ಮತ್ತು ನಾಯ್ಸ್ ಅಳೆಯಿರಿ

ನಮ್ಮ ಉದಾಹರಣೆಯ ಲೈನ್ ಗಲಾಟೆಯದ್ದು. ಈ ಕಡೆ ಬಂದು ತಲುಪುವ ಟೋನ್ 77.5 ಮಿಲಿವೋಲ್ಟ್ ಇದೆ ಎನ್ನೋಣ. ನಾಯ್ಸ್ 4.89 ಮಿಲಿವೋಲ್ಟ್. ಎರಡೂ ಆರ್‌ಎಂಎಸ್, ಅಂದರೆ ಪವರ್ ಲೆಕ್ಕಕ್ಕೆ ಬಳಸುವ ಎಸಿ ಅಳತೆ, ಎರಡೂ 600 ಓಮ್ ಮೇಲೆ. ಟೆಲಿಫೋನಿನವರ ಮೀಟರ್ ಇದನ್ನೇ −20 ಡಿಬಿಎಂ ಮತ್ತು −44 ಡಿಬಿಎಂ ಎಂದು ತೋರಿಸುತ್ತದೆ. ಡಿಬಿಎಂ ಎಂದರೆ 1 ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳಿದ ಪವರ್. 600 ಓಮ್‌ನಲ್ಲಿ 0.775 ವೋಲ್ಟ್ ಬಂದರೆ ಅದು 0 ಡಿಬಿಎಂ.

ನಾಯ್ಸ್ ಅಳೆಯುವಾಗ ಮೂರು ಕಡೆ ಎಡವುತ್ತಾರೆ.

ಮೊದಲನೆಯದು ಕರೆಂಟ್ ಲೈನ್‌ನಿಂದ ಬರುವ 50 ಹರ್ಟ್ಜ್‌ನ ಗುಂಯ್ ಸದ್ದು. ಅದು 300 ಹರ್ಟ್ಜ್‌ನ ಕೆಳಗಿದೆ. ಡೇಟಾ ಹೋಗುವ ಜಾಗದಲ್ಲೇ ಇಲ್ಲ. ಆದರೆ ಫಿಲ್ಟರ್ ಇಲ್ಲದ ಮೀಟರ್ ಅದನ್ನೂ ನಾಯ್ಸ್‌ಗೆ ಸೇರಿಸಿಬಿಡುತ್ತದೆ. ನಮ್ಮ ಲೈನ್‌ನಲ್ಲಿ 10 ಮಿಲಿವೋಲ್ಟ್‌ನಷ್ಟು ಗುಂಯ್ ಇದ್ದರೆ ಮೀಟರ್ 4.89ರ ಬದಲು 11.1 ತೋರಿಸುತ್ತದೆ, ಕೆಪಾಸಿಟಿ ಹೆಚ್ಚುಕಮ್ಮಿ 17,500ಕ್ಕೆ ಕುಸಿದಂತೆ ಕಾಣುತ್ತದೆ. ಲೈನ್ ಅಷ್ಟು ಕೆಟ್ಟಿಲ್ಲ, ಅಳತೆ ಕೆಟ್ಟಿದೆ.

ಎರಡನೆಯದು ವೆಯ್ಟಿಂಗ್. ಟೆಲಿಫೋನ್ ನಾಯ್ಸ್ ಮೀಟರ್‌ಗಳಲ್ಲಿ ಕಿವಿಗೆ ಎಷ್ಟು ಕಿರಿಕಿರಿಯಾಗುತ್ತದೆ ಎಂಬ ಲೆಕ್ಕಕ್ಕೆ ಒಂದು ಫಿಲ್ಟರ್ ಇರುತ್ತದೆ. ಸೋಫೋಮೆಟ್ರಿಕ್ ಎಂದೋ ಸಿ-ಮೆಸೇಜ್ ಎಂದೋ ಬರೆದಿರುತ್ತದೆ. ಕಿವಿಗೆ ಅಷ್ಟಾಗಿ ತಟ್ಟದ ಫ್ರೀಕ್ವೆನ್ಸಿಗಳನ್ನು ಅದು ತಗ್ಗಿಸುತ್ತದೆ. ಮೋಡೆಮ್‌ಗೆ ಕಿವಿ ಇಲ್ಲ, ಬ್ಯಾಂಡಿನಲ್ಲಿರುವ ಎಲ್ಲ ನಾಯ್ಸೂ ಅದಕ್ಕೆ ತೊಂದರೆಯೇ. ಸ್ವಿಚ್ಚನ್ನು ಫ್ಲಾಟ್‌ಗೆ ಇಡಿ. ಇಲ್ಲದಿದ್ದರೆ ನಾಯ್ಸ್ ಎರಡು ಮೂರು ಡೆಸಿಬೆಲ್ ಕಡಿಮೆ ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಲೈನ್ ಮೌನವಾಗಿದ್ದಾಗ ನಾಯ್ಸ್ ಅಳೆದರೆ ತುಂಬಾ ಚೆನ್ನಾಗಿ ಕಾಣುತ್ತದೆ. ಆದರೆ ಡಿಜಿಟಲ್ ಎಕ್ಸ್‌ಚೇಂಜ್ ನಿಮ್ಮ ಸಿಗ್ನಲ್ಲನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನ 256 ಮೆಟ್ಟಿಲುಗಳಲ್ಲಿ ಹತ್ತಿರದ್ದಕ್ಕೆ ಕೂರಿಸುತ್ತದೆ. ಹೀಗೆ ಕೂರಿಸುವಾಗ ಆಗುವ ಚಿಕ್ಕ ವ್ಯತ್ಯಾಸವೂ ನಾಯ್ಸೇ. ಅದಕ್ಕೆ ಕ್ವಾಂಟೈಸೇಶನ್ ನಾಯ್ಸ್ ಎನ್ನುತ್ತಾರೆ. ಇದು ಸಿಗ್ನಲ್ ಇದ್ದಾಗ ಮಾತ್ರ ಹುಟ್ಟುತ್ತದೆ. ಹಾಗಾಗಿ ಆ ಕಡೆಯಿಂದ ಟೋನ್ ಕಳಿಸುತ್ತಲೇ ಇರಬೇಕು. ಈ ಕಡೆ ಮೀಟರ್‌ನ ನಾಚ್ ಫಿಲ್ಟರ್‌ನಿಂದ ಆ ಟೋನ್ ಒಂದನ್ನೇ ತೆಗೆದು, ಉಳಿದಿದ್ದನ್ನು ಓದಬೇಕು. ಪರೀಕ್ಷಾ ಟೋನ್ ಸರಿಯಾಗಿ 1000 ಹರ್ಟ್ಜ್ ಇರದೆ 1004 ಅಥವಾ 1020 ಇರುವುದು ಇದಕ್ಕೇ. 1000 ಇಟ್ಟರೆ 8000ಕ್ಕೆ ಸರಿಯಾಗಿ ಭಾಗವಾಗಿ, ಅದೇ ಎಂಟು ಅಳತೆಗಳು ಮರುಕಳಿಸುತ್ತಾ ಹೋಗುತ್ತವೆ. ಬೇರೆ ಮೆಟ್ಟಿಲುಗಳ ಪರೀಕ್ಷೆಯೇ ಆಗುವುದಿಲ್ಲ.

ಹಂತ 3: ಡೆಸಿಬೆಲ್‌ನಿಂದ ಅನುಪಾತಕ್ಕೆ ಬನ್ನಿ

ಸಿಗ್ನಲ್ −20, ನಾಯ್ಸ್ −44. ವ್ಯತ್ಯಾಸ 24 ಡೆಸಿಬೆಲ್. ಇದು ಸಿಗ್ನಲ್-ನಾಯ್ಸ್ ಅನುಪಾತ. ಆದರೆ ಸೂತ್ರಕ್ಕೆ ಬೇಕಾದ್ದು ಡೆಸಿಬೆಲ್ ಅಲ್ಲ, ಎಷ್ಟು ಪಟ್ಟು ಎಂಬ ನೇರ ಸಂಖ್ಯೆ:

```
S/N = 10^(24/10) = 10^2.4 = 251
```

ಮಿಲಿವೋಲ್ಟ್‌ನಿಂದಲೇ ಹೊರಟರೂ ಇಲ್ಲಿಗೇ ಬರಬೇಕು. 77.5ನ್ನು 4.89ರಿಂದ ಭಾಗಿಸಿದರೆ 15.85. ಪವರ್ ಬೇಕಾದ್ದರಿಂದ ವರ್ಗ ಮಾಡಿ: 251. ವರ್ಗ ಮಾಡುವುದನ್ನು ಮರೆತರೆ ಉತ್ತರ ಅರ್ಧಕ್ಕರ್ಧ ಇಳಿದು 12,600ರ ಹತ್ತಿರ ಬರುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯದ್ದು. 24ನ್ನೇ ನೇರವಾಗಿ ಸೂತ್ರಕ್ಕೆ ಹಾಕಿದರೆ log2(25) = 4.64, ಅದನ್ನು 3100ರಿಂದ ಗುಣಿಸಿದರೆ 14,396. ಹಳೇ ಮೋಡೆಮ್‌ಗಳ ವೇಗ 14,400 ಇತ್ತಲ್ಲ! ಉತ್ತರ ಅದಕ್ಕೆ ಎಷ್ಟು ಹತ್ತಿರ ಇದೆಯೆಂದರೆ, ಸರಿಯೇ ಇರಬೇಕು ಎಂದು ಖುಷಿಯಾಗಿಬಿಡುತ್ತದೆ. ಇದು ಬರೀ ಕಾಕತಾಳೀಯ. ಲೆಕ್ಕ ತಪ್ಪು.

ಹಂತ 4: ಸೂತ್ರಕ್ಕೆ ಹಾಕಿ

```
C = 3100 * log2(1 + 251)
  = 3100 * 7.977
  = 24,730
```

ಅಂದರೆ ಸೆಕೆಂಡಿಗೆ ಸುಮಾರು 24,730 ಬಿಟ್.

ಕ್ಯಾಲ್ಕುಲೇಟರ್‌ನಲ್ಲಿ log2 ಬಟನ್ ಇಲ್ಲದಿದ್ದರೆ ಸಾಮಾನ್ಯ log ಒತ್ತಿ, ಬಂದ ಉತ್ತರವನ್ನು 3.322ರಿಂದ ಗುಣಿಸಿ. log(252) = 2.401, ಗುಣಿಸಿದರೆ 7.977. ಗುಣಿಸದೇ ಬಿಟ್ಟರೆ 7,444 ಬರುತ್ತದೆ. ln ಒತ್ತಿಬಿಟ್ಟರೆ 17,141 ಬರುತ್ತದೆ. ನಿಮ್ಮ ಉತ್ತರ ಇವೆರಡರಲ್ಲಿ ಒಂದಾಗಿದ್ದರೆ ತಪ್ಪು ಎಲ್ಲಿ ಎಂದು ಹುಡುಕಬೇಕಾಗಿಲ್ಲ.

ಕಂಪ್ಯೂಟರ್ ಎದುರು ಕೂತಿದ್ದರೆ ಪೈಥಾನ್‌ನಲ್ಲಿ ಹೀಗೆ:

```python
from math import log2
B = 3100
S, N = 77.5, 4.89      # mV
snr = (S / N) ** 2
print(snr, B * log2(1 + snr))
```

ಬಾಯಿಲೆಕ್ಕದಲ್ಲಿ ಸರಿನೋಡಲು ಒಂದು ಉಪಾಯ ಇದೆ. ಡೆಸಿಬೆಲ್ ಸಂಖ್ಯೆಯನ್ನು 3ರಿಂದ ಭಾಗಿಸಿ. 24/3 = 8. ಪ್ರತಿ ಹರ್ಟ್ಜ್‌ಗೆ ಹೆಚ್ಚುಕಮ್ಮಿ 8 ಬಿಟ್, ಒಟ್ಟು 24,800. ಸರಿ ಉತ್ತರಕ್ಕೆ ಇಷ್ಟು ಹತ್ತಿರ ಬಂದರೆ ಸಾಕು. ಸಿಗ್ನಲ್ ನಾಯ್ಸ್‌ಗಿಂತ ಚೆನ್ನಾಗಿ ಮೇಲಿರುವಾಗ, ಅಂದರೆ 10 ಡೆಸಿಬೆಲ್ ದಾಟಿದಾಗ ಮಾತ್ರ ಈ ಉಪಾಯ ನಂಬಿ.

ಹಂತ 5: ಮೆಟ್ಟಿಲು ಎಣಿಸಿ ಮತ್ತೊಮ್ಮೆ ನೋಡಿ

"ನೈಕ್ವಿಸ್ಟ್ ಸೂತ್ರ 2B log2(M) ಇದೆಯಲ್ಲ, M ಜಾಸ್ತಿ ಮಾಡುತ್ತಾ ಹೋದರೆ ವೇಗಕ್ಕೆ ಮಿತಿಯೇ ಇಲ್ಲ ಅಲ್ವಾ?" ಎಂದು ಕೇಳುವವರಿದ್ದಾರೆ. M ಎಂದರೆ ಒಂದು ಸಲಕ್ಕೆ ಬಳಸುವ ವೋಲ್ಟೇಜ್ ಮಟ್ಟಗಳ ಸಂಖ್ಯೆ. ನಾಯ್ಸೇ ಇಲ್ಲದ ಲೈನ್‌ನಲ್ಲಿ ಅವರ ಮಾತು ನಿಜ. ನಮ್ಮ ಲೈನ್‌ನಲ್ಲಿ ನಾಯ್ಸ್ ಪ್ರತಿ ಮಟ್ಟವನ್ನೂ 4.89 ಮಿಲಿವೋಲ್ಟ್‌ನಷ್ಟು ಅಲುಗಾಡಿಸುತ್ತಿದೆ. ಮಟ್ಟಗಳು ಅದಕ್ಕಿಂತ ಹತ್ತಿರ ಬಂದರೆ ಒಂದು ಯಾವುದು, ಪಕ್ಕದ್ದು ಯಾವುದು ಎಂದು ಗೊತ್ತಾಗುವುದಿಲ್ಲ.

ಎಷ್ಟು ಮಟ್ಟ ಹಿಡಿಸುತ್ತವೆ ಎಂಬುದಕ್ಕೆ ಶಾನನ್ ಸೂತ್ರದಿಂದಲೇ ಉತ್ತರ ಬರುತ್ತದೆ. ಎರಡೂ ಸೂತ್ರಗಳನ್ನು ಸಮ ಮಾಡಿದರೆ M = √(1 + S/N). ಇಲ್ಲಿ √252 = 15.9. ಸುಮಾರು 16 ಮಟ್ಟ, ಅಂದರೆ ಸಲಕ್ಕೆ 4 ಬಿಟ್. ಸೆಕೆಂಡಿಗೆ 2 × 3100 = 6200 ಸಲ ಕಳಿಸಬಹುದು. 6200 × 4 = 24,800. ಮತ್ತೆ ಅಲ್ಲಿಗೇ ಬಂದೆವು. ಹಂತ 3ರಲ್ಲಿ ವೋಲ್ಟೇಜ್‌ಗಳನ್ನು ಭಾಗಿಸಿದಾಗ ಬಂದ 15.85 ಕೂಡ ಹೆಚ್ಚುಕಮ್ಮಿ ಇದೇ ಸಂಖ್ಯೆ.

ಹಂತ 6: ಲೈನ್ ಎಲ್ಲ ಕಡೆ ಒಂದೇ ಸಮ ಇದೆಯೇ ನೋಡಿ

ಇಲ್ಲಿವರೆಗೆ 300ರಿಂದ 3400ರವರೆಗೂ 24 ಡೆಸಿಬೆಲ್ ಇದೆ ಎಂದುಕೊಂಡೆವು. ಉದ್ದದ ತಾಮ್ರದ ಲೈನ್ ಹಾಗಿರುವುದಿಲ್ಲ. ಮೇಲಿನ ಫ್ರೀಕ್ವೆನ್ಸಿಗಳು ದಾರಿಯಲ್ಲೇ ಸೊರಗುತ್ತವೆ. ಆಗ ಸರಾಸರಿ ತೆಗೆಯಬೇಡಿ. ಬ್ಯಾಂಡನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಲೆಕ್ಕ ಹಾಕಿ ಕೂಡಿಸಿ.

ನಮ್ಮದೇ ಲೈನ್‌ನಲ್ಲಿ 300ರಿಂದ 2700ರವರೆಗೆ 24 ಡೆಸಿಬೆಲ್ ಇದ್ದು, ಅಲ್ಲಿಂದ ಮೇಲೆ 12ಕ್ಕೆ ಇಳಿದಿದೆ ಎನ್ನಿ. ಮೊದಲ ತುಂಡು 2400 × 7.977, ಅಂದರೆ 19,145. ಎರಡನೆಯದರಲ್ಲಿ ಅನುಪಾತ 15.8, ಅದಕ್ಕೆ 700 × 4.07, ಅಂದರೆ 2,850. ಒಟ್ಟು 22,000ದ ಹತ್ತಿರ. ಕೆಟ್ಟ ತುಂಡಿನಿಂದಲೂ ಏನೋ ಒಂದಿಷ್ಟು ಸಿಕ್ಕಿತು ಎಂಬುದನ್ನು ಗಮನಿಸಿ. ಎಡಿಎಸ್‌ಎಲ್ ಮಾಡುವುದೂ ಇದನ್ನೇ. ಬ್ಯಾಂಡನ್ನು 4312.5 ಹರ್ಟ್ಜ್‌ನ ತುಂಡುಗಳಾಗಿ ಕತ್ತರಿಸಿ, ಯಾವ ತುಂಡು ಎಷ್ಟು ಬಿಟ್ ಹೊರುತ್ತದೋ ಅಷ್ಟನ್ನು ಅದರ ಮೇಲೆ ಹೇರುತ್ತದೆ.

ಹಂತ 7: ಮೋಡೆಮ್‌ಗೆ ನಿಜವಾಗಿ ಎಷ್ಟು ಸಿಗುತ್ತದೆ

24,730 ಎಂಬುದು ಮಿತಿ, ಮೋಡೆಮ್ ಕೊಡುವ ಮಾತಲ್ಲ. ಆ ಮಿತಿಯ ಹತ್ತಿರ ಹೋಗಬೇಕಾದರೆ ತುಂಬಾ ಉದ್ದದ ಕೋಡ್‌ಗಳು ಬೇಕು, ಅಷ್ಟು ಹೊತ್ತು ಕಾಯಲೂಬೇಕು. ನಿಜವಾದ ಮೋಡೆಮ್ ಕೆಲವು ಡೆಸಿಬೆಲ್ ಬಿಟ್ಟುಕೊಡುತ್ತದೆ. ಎಷ್ಟು ಎಂಬುದು ಆಯಾ ಮೋಡೆಮ್ ಮೇಲೆ ನಿಂತಿರುತ್ತದೆ. ಇಲ್ಲಿ 6 ಡೆಸಿಬೆಲ್ ಎಂದು ಇಟ್ಟುಕೊಳ್ಳೋಣ.

24ರಲ್ಲಿ 6 ಕಳೆದರೆ 18. ಅನುಪಾತ 63. 1 + 63 = 64, ಅದರ log2 ಸರಿಯಾಗಿ 6. ಹಾಗಾಗಿ 3100 × 6 = 18,600. ಡಯಲ್-ಅಪ್ ಕಾಲದ ವಿ.34 ಮೋಡೆಮ್ 2,400ರ ಮೆಟ್ಟಿಲುಗಳಲ್ಲಿ ವೇಗ ಆರಿಸುತ್ತದೆ: 14,400, 16,800, 19,200 ಹೀಗೆ. 18,600ಕ್ಕಿಂತ ಕೆಳಗಿನ ಮೆಟ್ಟಿಲು 16,800. ನಮ್ಮ ಲೈನ್‌ನಲ್ಲಿ ನಾನು ನಿರೀಕ್ಷಿಸುವ ವೇಗ ಅದು.

ಕೆಲವು ಲೈನ್‌ಗಳಲ್ಲಿ ಅಳತೆ ಚೆನ್ನಾಗಿಯೇ ಇರುತ್ತದೆ, ಆದರೂ ಡೇಟಾ ತಪ್ಪುತಪ್ಪಾಗಿ ಬರುತ್ತದೆ. ಅಲ್ಲಿ ಸುಯ್ ಸದ್ದಿನ ಬದಲು ಚಟಪಟ ಸದ್ದಿರುತ್ತದೆ. ಸಡಿಲವಾದ ಜಾಯಿಂಟ್, ಕೇಬಲ್ ಒಳಗೆ ನೀರು, ಪಕ್ಕದಲ್ಲಿ ಕಿಡಿ ಹಾರಿಸುವ ಮೋಟಾರು ಇದಕ್ಕೆ ಕಾರಣ. ಈ ಸೂತ್ರ ಬರೆದಿರುವುದು ಸದಾ ಒಂದೇ ಸಮ ಹರಿಯುವ, ಗಾಸಿಯನ್ ಎಂದು ಕರೆಯುವ ನಾಯ್ಸ್‌ಗೆ. ಚಟಪಟ ನಾಯ್ಸ್‌ನ ಸರಾಸರಿ ಪವರ್ ಕಡಿಮೆ, ಆದರೆ ಬಂದ ಗಳಿಗೆಯಲ್ಲಿ ಹತ್ತಾರು ಬಿಟ್ ಒಟ್ಟಿಗೆ ಕೆಡಿಸುತ್ತದೆ. ಗುರುತಿಸುವುದು ಸುಲಭ: ಮೀಟರ್ ಮುಳ್ಳು ಹೆಚ್ಚಾಗಿ ಕೆಳಗೇ ಇದ್ದು ಆಗಾಗ ಜಿಗಿಯುತ್ತದೆ, ತಪ್ಪುಗಳು ಗುಂಪಾಗಿ ಬರುತ್ತವೆ. ಅಂಥ ಲೈನ್‌ಗೆ ಮೇಲಿನ ಲೆಕ್ಕ ಹಾಕಿ ಪ್ರಯೋಜನವಿಲ್ಲ, ಮೊದಲು ಜಾಯಿಂಟ್ ಸರಿಮಾಡಿಸಿ.

ಹಂತ 8: ಏನು ಬದಲಿಸಿದರೆ ಎಷ್ಟು ಲಾಭ

ಸಿಗ್ನಲ್ ಪವರ್ ಎರಡು ಪಟ್ಟು ಮಾಡಿ ನೋಡಿ. ಅನುಪಾತ 502, ಕೆಪಾಸಿಟಿ 27,820. ಪವರ್ ಎರಡು ಪಟ್ಟಾಯಿತು, ವೇಗ ಏರಿದ್ದು ಎಂಟರಲ್ಲಿ ಒಂದು ಪಾಲು. ಪ್ರತಿ ಸಲ ಎರಡು ಪಟ್ಟು ಮಾಡಿದಾಗಲೂ ಸಿಗುವುದು ಅದೇ 3,100 ಬಿಟ್. ನಾಯ್ಸ್ ಅರ್ಧ ಮಾಡಿದರೂ ಅಷ್ಟೇ ಸಿಗುತ್ತದೆ, ಆದರೆ ಅದೇ ಒಳ್ಳೆಯದು. ಸಿಗ್ನಲ್ ಜೋರು ಮಾಡಿದರೆ ಅದು ಅದೇ ಕೇಬಲ್‌ನ ಪಕ್ಕದ ಜೋಡಿಗಳಿಗೆ ಸೋರಿ ಅವರಿಗೆ ನಾಯ್ಸ್ ಆಗುತ್ತದೆ.

ಈಗ ಬ್ಯಾಂಡ್‌ವಿಡ್ತ್ ಎರಡು ಪಟ್ಟು ಮಾಡೋಣ, 6200. ಇಲ್ಲಿ ಬಹಳಷ್ಟು ಜನ ಸುಮ್ನೆ ಉತ್ತರವನ್ನೂ ಎರಡು ಪಟ್ಟು ಮಾಡಿ 49,460 ಬರೆಯುತ್ತಾರೆ. ಬಾಗಿಲು ಅಗಲ ಮಾಡಿದರೆ ನಾಯ್ಸೂ ಜಾಸ್ತಿ ಒಳಬರುತ್ತದೆ. ನಾಯ್ಸ್ ಎಲ್ಲ ಫ್ರೀಕ್ವೆನ್ಸಿಯಲ್ಲೂ ಸಮನಾಗಿದ್ದರೆ N ಎರಡು ಪಟ್ಟಾಗಿ ಅನುಪಾತ 125.5ಕ್ಕೆ ಇಳಿಯುತ್ತದೆ. ಸರಿಯಾದ ಉತ್ತರ 6200 × 6.98, ಸುಮಾರು 43,300. ಆದರೂ ಪವರ್ ಹೆಚ್ಚಿಸಿದ್ದಕ್ಕಿಂತ ಎಷ್ಟೋ ಲಾಭ. ಇದೇ ದಾರಿಯಲ್ಲಿ ಬ್ಯಾಂಡ್‌ವಿಡ್ತನ್ನು ಅನಂತಕ್ಕೆ ಒಯ್ದರೆ? ಕೆಪಾಸಿಟಿ ಅನಂತ ಆಗುವುದಿಲ್ಲ. 1.44 × 251 × 3100, ಅಂದರೆ ಹತ್ತಿರ ಹತ್ತಿರ 11.2 ಲಕ್ಷ ಬಿಟ್‌ಗೆ ಬಂದು ನಿಲ್ಲುತ್ತದೆ.

ಹಾಗಾದರೆ 56k ಹೇಗೆ?

ಒಳ್ಳೆಯ ಲೈನ್‌ಗೆ ಪುಸ್ತಕಗಳು 30 ಡೆಸಿಬೆಲ್ ಎಂದು ಹಾಕುತ್ತವೆ. ಆಗ C = 3100 × 9.97, ಸುಮಾರು 30,900. ವಿ.34 ಮೋಡೆಮ್ ಇನ್ನೂ ಚೆನ್ನಾಗಿರುವ ಲೈನ್‌ಗಳಲ್ಲಿ 33,600ರವರೆಗೆ ಹೋಯಿತು. ಅಲ್ಲಿ ಮುಖ್ಯ ತಡೆ ಹಂತ 2ರಲ್ಲಿ ಹೇಳಿದ ಕ್ವಾಂಟೈಸೇಶನ್ ನಾಯ್ಸ್.

1998ರ ವಿ.90 ಆ ನಾಯ್ಸ್ ಹುಟ್ಟುವ ಜಾಗವನ್ನೇ ತಪ್ಪಿಸಿತು. ಇಂಟರ್ನೆಟ್ ಕಂಪನಿಯವರು ಡಿಜಿಟಲ್ ಲೈನ್‌ನಲ್ಲೇ ಟೆಲಿಫೋನ್ ಜಾಲಕ್ಕೆ ಸೇರಿದ್ದರು. ಹಾಗಾಗಿ ಅವರ ಕಡೆಯಿಂದ ಬರುವಾಗ ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಾಯಿಸುವ ಕೆಲಸವೇ ಇಲ್ಲ. ಎಕ್ಸ್‌ಚೇಂಜ್‌ನ ಮೆಟ್ಟಿಲುಗಳನ್ನು ಅವರೇ ನೇರವಾಗಿ ಆರಿಸುತ್ತಾರೆ. 8000 ಸಲ, ಸಲಕ್ಕೆ 7 ಬಿಟ್, ಒಟ್ಟು 56,000. ಶಾನನ್ ಮಿತಿ ಮುರಿಯಲಿಲ್ಲ, N ಬೇರೆಯಾಯಿತು. ನಿಮ್ಮ ಕಡೆಯಿಂದ ಹೋಗುವಾಗ ಆ ಬದಲಾವಣೆ ಇದ್ದೇ ಇರುವುದರಿಂದ ವಿ.90ರಲ್ಲಿ ಅಪ್‌ಲೋಡ್ 33,600ಕ್ಕೇ ನಿಂತಿತು.

ನಮ್ಮ ಗಲಾಟೆಯ ಲೈನ್‌ಗೆ 56k ಮೋಡೆಮ್ ತಂದು ಹಾಕಿದರೆ ಈ ಲಾಭ ಸಿಗುವುದಿಲ್ಲ. ಅಲ್ಲಿನ ನಾಯ್ಸ್ ಎಕ್ಸ್‌ಚೇಂಜ್‌ನ ಮೆಟ್ಟಿಲುಗಳಿಂದ ಬಂದಿದ್ದಲ್ಲ, ಮನೆಗೆ ಬರುವ ತಂತಿಯಿಂದ ಬಂದಿದ್ದು. ಮೋಡೆಮ್ ವಿ.34ಕ್ಕೆ ಇಳಿದು ಅದೇ 16,800ರ ಆಸುಪಾಸಿನಲ್ಲಿ ಕನೆಕ್ಟ್ ಆಗುತ್ತದೆ.